6ಜಿ ಆಮೇಲೆ, ಮೊದ್ಲು 3ಜಿ ಪ್ಲೇಟ್ ಬಗ್ಗಿಸಿ ನೋಡಿ

ಪ್ರಶ್ನೆ: ಸರ್, ಐದಾರು ವರ್ಷದಿಂದ ದಿನಗೂಲಿಗೆ ಗ್ರಿಲ್, ಗೇಟ್ ವೆಲ್ಡಿಂಗ್ ಮಾಡ್ತಿದೀನಿ, ಕೈ ಚೆನ್ನಾಗಿದೆ ಅಂತಾರೆ. ಮೂರೇ ದಿನದಲ್ಲಿ ಪೈಪ್ ವೆಲ್ಡಿಂಗಿನ 6ಜಿ ಸರ್ಟಿಫಿಕೇಟ್ ಕೊಡಿಸ್ತೀನಿ, ಲೈಫ್‌ಟೈಮ್ ವ್ಯಾಲಿಡ್ ಅಂತ ಒಬ್ರು ಹೇಳ್ತಿದಾರೆ. ಮಾಡಿಸ್ಕೊಂಡ್ರೆ ಕಂಪನೀಲಿ ಪರ್ಮನೆಂಟ್ ಕೆಲಸ ಸಿಗುತ್ತಾ?

ಉತ್ತರ: ಆ ಮನುಷ್ಯನಿಗೆ ದುಡ್ಡು ಕೊಡಬೇಡಿ. ಈ ಪ್ರಶ್ನೆ ಎಷ್ಟು ಸಲ ಬಂದಿದೆ ಅಂದ್ರೆ ಓದ್ತಾ ಇದ್ದಂಗೇ ರೇಗುತ್ತೆ, ಕೇಳಿದವರ ಮೇಲಲ್ಲ, ಆ ಪೇಪರ್ ಮಾರೋರ ಮೇಲೆ.

ಲೈಫ್‌ಟೈಮ್ ವ್ಯಾಲಿಡ್ ವೆಲ್ಡರ್ ಸರ್ಟಿಫಿಕೇಟ್ ಅನ್ನೋದೇ ಇಲ್ಲ. ಬಾಯ್ಲರ್ ಪೈಪಿಗೆ ನೋಡೋ ನಿಯಮಾವಳಿ ಎಎಸ್‌ಎಂಇ ಸೆಕ್ಷನ್ 9 ಇರಲಿ, ಸ್ಟೀಲ್ ಸ್ಟ್ರಕ್ಚರಿಗೆ ನೋಡೋ ಎಡಬ್ಲ್ಯೂಎಸ್ ಡಿ1.1 ಇರಲಿ, ಆ ಪ್ರೋಸೆಸ್‌ನಲ್ಲಿ ನೀವು 6 ತಿಂಗಳು ವೆಲ್ಡ್ ಮಾಡದೇ ಇದ್ರೆ ಕ್ವಾಲಿಫಿಕೇಶನ್ ಹೋಯ್ತು. ಐಎಸ್‌ಒ 9606-1 ಅನ್ನೋ ವೆಲ್ಡರ್ ಟೆಸ್ಟ್ ನಿಯಮದಲ್ಲೂ ಪ್ರತಿ 6 ತಿಂಗಳಿಗೆ ಇವರು ಕೆಲಸ ಮಾಡ್ತಾ ಇದಾರೆ ಅಂತ ಸಹಿ ಬೀಳಬೇಕು. ಇಷ್ಟಾದ್ಮೇಲೂ ಹೊಸ ಕಂಪನಿಗೆ ಹೋದ್ರೆ ಸಾಮಾನ್ಯವಾಗಿ ಅವರು ಮತ್ತೆ ಟೆಸ್ಟ್ ತಗೋತಾರೆ, ಯಾಕಂದ್ರೆ ಜಾಯಿಂಟ್ ಫೇಲಾದ್ರೆ ಉತ್ತರ ಹೇಳಬೇಕಾಗಿರೋದು ಅವರು. ಪೇಪರ್ ಇದ್ರೆ ಟೆಸ್ಟ್ ಬೂತ್ ತನಕ ಕರೀತಾರೆ, ಅಲ್ಲಿ ಕೈಗೆ ರಾಡ್ ಕೊಟ್ಟಾಗ ಮೂರು ದಿನದ ಸರ್ಟಿಫಿಕೇಟು ಹತ್ತು ನಿಮಿಷದಲ್ಲಿ ಗೊತ್ತಾಗ್ಬಿಡುತ್ತೆ.

ಈಗ ನಿಮ್ಮ ಕೈ ವಿಷಯಕ್ಕೆ ಬರ್ತೀನಿ. ಗ್ರಿಲ್ ಕೆಲಸದಲ್ಲಿ ನೀವು ಹಿಡಿದಿರೋದು ಬಹುತೇಕ 6013 ರಾಡು, ತೆಳ್ಳನೆ ಸ್ಕ್ವೇರ್ ಟ್ಯೂಬ್, ಒಂದೆರಡು ಇಂಚಿನ ಬೀಡ್, ಆಮೇಲೆ ಗ್ರೈಂಡರ್ ಹೊಡೆದು ಪೇಂಟ್. ಒಳಗಡೆ ಲೋಹ ಕರಗಿ ಕೂಡಿದೆಯಾ ಅಂತ ಯಾರೂ ಕಡಿದು ನೋಡಿಲ್ಲ. ಟೆಸ್ಟಲ್ಲಿ ನೋಡೋದೇ ಅದನ್ನ. 6ಜಿ ಅಂದ್ರೆ ಪೈಪನ್ನ 45 ಡಿಗ್ರೀಲಿ ಓರೆಯಾಗಿ ಫಿಕ್ಸ್ ಮಾಡಿ, ತಿರುಗಿಸದೇ ಸುತ್ತ ವೆಲ್ಡ್ ಮಾಡೋದು, ಅದೂ ಸಾಮಾನ್ಯವಾಗಿ ಹಿಂದೆ ಬ್ಯಾಕಿಂಗ್ ಪಟ್ಟಿ ಇಲ್ಲದ ಓಪನ್ ರೂಟು, ಅಂದ್ರೆ ಜಾಯಿಂಟಿನ ತಳ ತೆರೆದೇ ಇರುತ್ತೆ. ಗ್ರಿಲ್ಲಿಂದ ನೇರ ಅಲ್ಲಿಗೆ ಹಾರೋರು ಪೈಪಿನ ತಳಭಾಗದಲ್ಲಿ ರೂಟ್ ಒಳಕ್ಕೆ ಇಳೀದೇ ಫೇಲಾಗ್ತಾರೆ.

ನಿಮ್ಮಂಥವರಿಗೆ ಸರಿಯಾದ ಮೊದಲ ಮೆಟ್ಟಿಲು ಡಿ1.1ರ ಪ್ಲೇಟ್ ಟೆಸ್ಟ್, ಬ್ಯಾಕಿಂಗ್ ಪಟ್ಟಿ ಇಟ್ಟು, ಮೊದ್ಲು 3ಜಿ, ಅಂದ್ರೆ ಲಂಬವಾಗಿ ಕೆಳಗಿಂದ ಮೇಲಕ್ಕೆ, ಆಮೇಲೆ 4ಜಿ, ಅಂದ್ರೆ ತಲೆ ಮೇಲೆ. ಎರಡೂ ಪಾಸಾದ್ರೆ ಪ್ಲೇಟ್ ಕೆಲಸದ ಎಲ್ಲಾ ಪೊಸಿಶನ್ನಿಗೂ ಅರ್ಹರು. 10 ಮಿ.ಮೀ. ಪ್ಲೇಟಲ್ಲಿ ಪಾಸಾದ್ರೆ ಸುಮಾರು 19 ಮಿ.ಮೀ. ದಪ್ಪದ ತನಕ ಮಾಡಬಹುದು. ಶೆಡ್ಡು, ಬ್ರಿಡ್ಜು, ಟವರ್ ಕೆಲಸಕ್ಕೆ ಕೇಳೋದು ಇದನ್ನೇ.

ಟೆಸ್ಟ್ ಪೀಸ್ ಹೀಗಿರುತ್ತೆ. ಎರಡು 10 ಮಿ.ಮೀ. ಪ್ಲೇಟು, ಒಂದೊಂದಕ್ಕೂ 22.5 ಡಿಗ್ರಿ ಬೆವೆಲ್, ನಡುವೆ 6 ಮಿ.ಮೀ. ಗ್ಯಾಪು, ಹಿಂದೆ ಬ್ಯಾಕಿಂಗ್ ಪಟ್ಟಿ. ರಾಡು 7018. ಇಲ್ಲೇ ಗ್ರಿಲ್ ಕೈ ಎಡವೋದು. 6013ನ ಕಬ್ಬಿಣಕ್ಕೆ ಒತ್ತಿ ಎಳ್ಕೊಂಡು ಹೋದ್ರೂ ನಡೆಯುತ್ತೆ, ಆರ್ಕ್ ಸ್ವಲ್ಪ ಉದ್ದ ಆದ್ರೂ ಕ್ಷಮಿಸುತ್ತೆ. 7018 ಹಾಗಲ್ಲ, ಆರ್ಕ್ ಗಿಡ್ಡ ಇರಬೇಕು, ಉದ್ದ ಮಾಡಿದ್ರೆ ಒಳಗೆ ಗಾಳಿ ತೂತು ಗ್ಯಾರಂಟಿ. ರೂಟ್, ಅಂದ್ರೆ ತಳದ ಮೊದಲ ಪಾಸ್ ಹಾಕುವಾಗ ಎಲ್ರೂ ಕಣ್ಣು ಮಧ್ಯದಲ್ಲೇ ನೆಡ್ತಾರೆ, ನೋಡಬೇಕಾಗಿರೋದು ಪ್ಲೇಟಿನ ಅಂಚು ಬ್ಯಾಕಿಂಗ್ ಪಟ್ಟಿ ಸೇರೋ ಆ ಎರಡು ಮೂಲೇನ. ಒಂದು ಮೂಲೇಲಿ ಒಂದು ಕ್ಷಣ ನಿಲ್ಲಿ, ಅಂಚು ಕರಗಿ ಕರಗಿದ ಲೋಹದ ಕೊಳದೊಳಕ್ಕೆ ಬಂದಿದ್ದು ಕಾಣಲಿ, ನಡುವೆ ಬೇಗ ದಾಟಿ, ಇನ್ನೊಂದು ಮೂಲೇಲಿ ನಿಲ್ಲಿ. ನಡುವೆ ನಿಧಾನ ಮಾಡಿದ್ರೆ ಬೀಡ್ ಹೊಟ್ಟೆ ಬಿಡುತ್ತೆ, ಅಂಚಿನ ಸಂದೀಲಿ ಸ್ಲ್ಯಾಗ್ ಸಿಕ್ಕಾಕೊಳ್ಳುತ್ತೆ, ಮೇಲಿನ ಪಾಸ್ ಅದನ್ನ ಮುಚ್ಚುತ್ತೆ ಹೊರತು ತೆಗೆಯಲ್ಲ. ರಾಡ್ ಬದಲಾಯಿಸಿದ ಜಾಗಾನ ಗ್ರೈಂಡರಲ್ಲಿ ಇಳಿಜಾರು ಮಾಡಿ ಮತ್ತೆ ಶುರು ಮಾಡಿ, ತುಂಬಾ ಜನ ಬೀಳೋದು ಆ ಜಾಯಿಂಟಲ್ಲೇ.

ರಾಡಿನ ತೇವ ಇನ್ನೊಂದು ಕಥೆ. ಪ್ಯಾಕ್ ಒಡೆದ ಮೇಲೆ 7018ನ ಕನಿಷ್ಠ 120 ಡಿಗ್ರಿ ಸೆಲ್ಸಿಯಸ್ ಓವನ್ನಲ್ಲಿ ಇಡಬೇಕು, ಮಾಮೂಲಿ 7018 ಹೊರಗೆ 4 ಗಂಟೆಗಿಂತ ಹೆಚ್ಚು ಇದ್ರೆ 260ರಿಂದ 430 ಡಿಗ್ರೀಲಿ ಎರಡು ಗಂಟೆ ಮತ್ತೆ ಬೇಯಿಸಬೇಕು. ಬಿಸಿಲಲ್ಲಿ ಹರಡಿದ್ರೆ ಒಣಗುತ್ತೆ ಅನ್ನೋ ಮೇಷ್ಟ್ರು ಸಿಕ್ಕಿದ್ರೆ ಆ ಕ್ಲಾಸ್ ಬಿಟ್ಟು ಬನ್ನಿ.

ಪರೀಕ್ಷಕರು ಮೊದ್ಲು ಕಣ್ಣಲ್ಲಿ ನೋಡ್ತಾರೆ. ಆಮೇಲೆ ವೆಲ್ಡಿಗೆ ಅಡ್ಡಡ್ಡ ಸುಮಾರು 38 ಮಿ.ಮೀ. ಅಗಲದ ಎರಡು ಪಟ್ಟಿ ಕತ್ತರಿಸಿ, ಬ್ಯಾಕಿಂಗ್ ತೆಗೆದು, ಮಟ್ಟ ಮಾಡಿ, ಜಿಗ್ಗಲ್ಲಿ ಯು ಆಕಾರಕ್ಕೆ ಬಗ್ಗಿಸ್ತಾರೆ. ಒಂದರಲ್ಲಿ ಮೇಲ್ಮೈ ಹೊರಗೆ, ಇನ್ನೊಂದರಲ್ಲಿ ರೂಟ್ ಹೊರಗೆ. ಬಗ್ಗಿದ ಮೈ ಮೇಲೆ 3 ಮಿ.ಮೀ.ಗಿಂತ ದೊಡ್ಡ ಬಿರುಕೋ ತೂತೋ ತೆರೆದ್ರೆ ಫೇಲ್, ಚಿಕ್ಕವು ಒಟ್ಟು ಸೇರಿ 10 ಮಿ.ಮೀ. ದಾಟಿದ್ರೂ ಫೇಲ್. ಇದನ್ನ ನೀವೂ ಮಾಡಬಹುದು, ಹೈಡ್ರಾಲಿಕ್ ಜ್ಯಾಕ್ ಮತ್ತೆ ಗಟ್ಟಿ ಫ್ರೇಮ್ ಸಾಕು, ಕನ್ನಡಕ ಹಾಕ್ಕೊಂಡು ಪಕ್ಕಕ್ಕೆ ನಿಂತು ಒತ್ತಿ. ರೂಟ್ ಪಟ್ಟಿ ಅಂಚಿನ ಗೆರೆ ಹಿಡಿದು ನೇರವಾಗಿ ಬಾಯಿ ಬಿಟ್ರೆ ಮೂಲೆ ಕರಗಿಲ್ಲ ಅಂತ, ದುಂಡನೆ ಗುಂಡಿ ಕಂಡ್ರೆ ಆರ್ಕ್ ಉದ್ದ ಆಗಿದೆ ಅಥವಾ ರಾಡಲ್ಲಿ ತೇವ ಇದೆ ಅಂತ. ನಿಮ್ಮದೇ ಪಟ್ಟಿಗಳು ಸಾಲಾಗಿ ನಾಲ್ಕೈದು ಸಲ ಒಡೀದೇ ಬಗ್ಗೋ ತನಕ ಟೆಸ್ಟ್ ಫೀ ಕಟ್ಟಬೇಡಿ.

ಪಾಸಾದ್ಮೇಲೆ ಕೈಗೆ ಬರೋ ಪೇಪರಲ್ಲಿ ಪ್ರೋಸೆಸ್, ಪೊಸಿಶನ್, ಎಷ್ಟು ದಪ್ಪದ ತನಕ, ಯಾವ ಗುಂಪಿನ ರಾಡು, ಬ್ಯಾಕಿಂಗ್ ಇತ್ತಾ, ವೆಲ್ಡ್ ಹೇಗೆ ಮಾಡಬೇಕು ಅಂತ ಬರೆದಿರೋ ಡಬ್ಲ್ಯೂಪಿಎಸ್ ನಂಬರ್, ಬೆಂಡ್ ರಿಸಲ್ಟ್, ಇಷ್ಟೂ ಇರಬೇಕು. "ಆಲ್ ಪೊಸಿಶನ್ಸ್, ಆಲ್ ಮೆಟೀರಿಯಲ್ಸ್" ಅಂತ ಬರೆದು ಚಿನ್ನದ ಬಣ್ಣದ ಸೀಲ್ ಹೊಡೆದಿದ್ರೆ ಅದು ನಕಲಿ. ಕೆಲಸಕ್ಕೆ ಸೇರಿದ ದಿನದಿಂದ, ವೆಲ್ಡ್ ಮಾಡ್ತಾನೇ ಇದೀರಿ ಅಂತ ತೋರಿಸೋ ಕಂಟಿನ್ಯುಟಿ ಲಾಗಿಗೆ ಸೂಪರ್‌ವೈಸರ್ ಹತ್ರ ಸಹಿ ಹಾಕಿಸ್ಕೊಳ್ಳಿ, ಒಂದು ಕಾಪಿ ನಿಮ್ಮ ಹತ್ರ ಇರಲಿ. ಕಾಂಟ್ರಾಕ್ಟ್ ಮುಗಿದು ಇನ್ನೊಂದು ಕಡೆ ಹೋದಾಗ ಕೇಳೋದು ಅದನ್ನ. ಪರ್ಮನೆಂಟ್ ಅಂತ ನಾನು ಮಾತು ಕೊಡಲ್ಲ, ಸ್ಟ್ರಕ್ಚರ್ ಕೆಲಸದಲ್ಲಿ ಪ್ರಾಜೆಕ್ಟ್ ಮುಗಿದ್ರೆ ಮನೆಗೆ ಕಳಿಸೋದೂ ಇದೆ. ದಿನಾ ಬೆಳಿಗ್ಗೆ ಕೂಲಿಗೆ ನಿಲ್ಲೋದು ತಪ್ಪುತ್ತೆ, ಅಷ್ಟಂತೂ ಹೌದು. 6ಜಿ ಬೇಕಿದ್ರೆ ಕೆಲಸದಲ್ಲಿ ಇದ್ಕೊಂಡೇ ಕಲೀರಿ, ಪೈಪ್ ತುಂಡುಗಳು ಅಲ್ಲೇ ಸಿಗ್ತವೆ.

ಪ್ರಶ್ನೆ: ಡೆಲಿವರಿ ಮಾಡ್ತಿದೀನಿ, ವೆಲ್ಡಿಂಗ್ ಗೊತ್ತೇ ಇಲ್ಲ. ಕೆಲಸ ಬಿಟ್ಟು ಕೋರ್ಸಿಗೆ ಸೇರ್ಲಾ?

ಉತ್ತರ: ಈಗಲೇ ಬಿಡಬೇಡಿ. ಸಂಜೆ ಬ್ಯಾಚ್ ಹುಡುಕಿ, ಸೇರೋ ಮುಂಚೆ ಒಂದೇ ಪ್ರಶ್ನೆ ಕೇಳಿ, ವಾರಕ್ಕೆ ನನಗೆ ಎಷ್ಟು ಕೆಜಿ ರಾಡು, ಎಷ್ಟು ಪ್ಲೇಟ್ ಕೊಡ್ತೀರಿ ಅಂತ. ಉತ್ತರ ತೊದಲಿದ್ರೆ ಅದು ಬೋರ್ಡ್ ಮೇಲೆ ಚಿತ್ರ ಬರೆಯೋ ಕ್ಲಾಸು. ನಿಮ್ಮ ಬೆಂಡ್ ಪಟ್ಟಿ ಒಡೀದೇ ನಿಲ್ಲೋಕೆ ಶುರುವಾದ್ಮೇಲೆ ಬೈಕ್ ಕೆಲಸ ಬಿಡೋ ಯೋಚನೆ ಮಾಡಿ.

ಪ್ರಶ್ನೆ: ಆನ್‌ಲೈನಲ್ಲಿ ವೆಲ್ಡಿಂಗ್ ಸರ್ಟಿಫಿಕೇಟ್ ಕೊಡ್ತಾರಲ್ಲ, ನಡೆಯುತ್ತಾ?

ಉತ್ತರ: ಇಲ್ಲ.

ಪ್ರಶ್ನೆ: ದಿನಾ ಹಾಲು ಕುಡಿದ್ರೆ ವೆಲ್ಡಿಂಗ್ ಹೊಗೆ ಏನೂ ಮಾಡಲ್ವಂತೆ, ಹೌದಾ?

ಉತ್ತರ: ಹಾಲು ಹೋಗೋದು ಹೊಟ್ಟೆಗೆ, ಹೊಗೆ ಹೋಗೋದು ಶ್ವಾಸಕೋಶಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ ವೆಲ್ಡಿಂಗ್ ಹೊಗೇನ ಕ್ಯಾನ್ಸರ್ ತರೋ ಮೊದಲ ಗುಂಪಿಗೆ ಸೇರಿಸಿ ಆಗಿದೆ. ಹೊಗೆ ಎಳೆಯೋ ಎಕ್ಸಾಸ್ಟ್ ಕೇಳಿ, ಸರಿಯಾಗಿ ಕೂರೋ ಫಿಲ್ಟರ್ ಮಾಸ್ಕ್ ಹಾಕಿ, ಕರ್ಚೀಫ್ ಲೆಕ್ಕಕ್ಕಿಲ್ಲ. ಗ್ಯಾಲ್ವನೈಸ್ಡ್ ಪೈಪಾದ್ರೆ ವೆಲ್ಡ್ ಮಾಡೋ ಜಾಗದ ಸತುವಿನ ಲೇಪ ಮೊದ್ಲೇ ಗ್ರೈಂಡ್ ಮಾಡಿ ತೆಗೀರಿ, ಇಲ್ಲಾಂದ್ರೆ ರಾತ್ರಿಗೆ ಚಳಿಜ್ವರ ಬರುತ್ತೆ.