ಮುಟ್ಟು ಬಂದರೆ ಸಾಲದು, ಅಂಡ ಹೊರಬರಬೇಕು

ಪ್ರಶ್ನೆ: ನನಗೆ 27 ವರ್ಷ, ಮದುವೆಯಾಗಿ ಎರಡು ವರ್ಷವಾಯಿತು. ನಾವಿರುವುದು ಜಮಖಂಡಿ ಹತ್ತಿರ. ಸ್ಕ್ಯಾನಿಂಗ್‌ನಲ್ಲಿ ನೀರುಗುಳ್ಳೆ ಇವೆ, ಪಿಸಿಓಎಸ್ ಎಂದಿದ್ದಾರೆ. ಮುಟ್ಟು 45 ದಿನಕ್ಕೋ ಎರಡು ತಿಂಗಳಿಗೋ ಬರುತ್ತದೆ. ಮಾತ್ರೆ ತೆಗೆದುಕೊಂಡರೆ ಸರಿಯಾಗಿ ಬರುತ್ತದೆ, ಆದರೂ ಗರ್ಭ ನಿಂತಿಲ್ಲ. ಟೆಸ್ಟ್ ಟ್ಯೂಬ್ ಬೇಬಿಯೇ ದಾರಿ ಎಂದು ಕೆಲವರು ಹೇಳುತ್ತಾರೆ. ನನಗೆ ಮಗುವಾಗುವ ಸಾಧ್ಯತೆ ನಿಜವಾಗಿ ಎಷ್ಟು?

ಉತ್ತರ: ನಾನು ಬಾಗಲಕೋಟೆಯಲ್ಲಿ ಸ್ತ್ರೀರೋಗ ವೈದ್ಯೆ. ನಿಮ್ಮನ್ನು ಪರೀಕ್ಷಿಸದೆ ನಿಮಗೆಂದೇ ಔಷಧಿ ಹೇಳಲಾರೆ. ಆದರೆ ನೀವು ಬರೆದುದರಲ್ಲಿ ಒಂದು ಸಂಗತಿಯನ್ನು ಮೊದಲು ಬಿಡಿಸಿ ಹೇಳಬೇಕಾಗಿದೆ, ಅದು ನೀವು ತೆಗೆದುಕೊಳ್ಳುತ್ತಿರುವ ಮಾತ್ರೆ. ಮುಟ್ಟು ಸರಿಪಡಿಸಲೆಂದು ಕೊಡುವ ಮಾತ್ರೆಗಳು ಸಾಮಾನ್ಯವಾಗಿ ಎರಡು ಬಗೆಯವು. 21 ದಿನ ನುಂಗುವ ಮಾತ್ರೆ ವಾಸ್ತವದಲ್ಲಿ ಗರ್ಭನಿರೋಧಕ. ಅದನ್ನು ತೆಗೆದುಕೊಳ್ಳುವಷ್ಟು ಕಾಲ ಅಂಡ ಬಿಡುಗಡೆಯಾಗದಂತೆ ಅದು ತಡೆಯುತ್ತದೆ. ಐದರಿಂದ ಹತ್ತು ದಿನ ಕೊಡುವ ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ಗರ್ಭಕೋಶದ ಒಳಪದರವನ್ನು ಕಳಚಿ ರಕ್ತಸ್ರಾವ ತರುತ್ತದೆಯೇ ಹೊರತು ಅಂಡವನ್ನು ಬೆಳೆಸುವುದಿಲ್ಲ. ಎರಡಕ್ಕೂ ಅವುಗಳದೇ ಉಪಯೋಗಗಳಿವೆ, ತಿಂಗಳುಗಟ್ಟಲೆ ಮುಟ್ಟು ಬಾರದೆ ಒಳಪದರ ದಪ್ಪವಾಗುತ್ತ ಹೋಗುವುದು ಒಳ್ಳೆಯದಲ್ಲ. ಆದರೆ ಮಗು ಬೇಕೆನ್ನುವವರಿಗೆ ತಿಂಗಳಿಗೊಮ್ಮೆ ಬಂದ ಈ ರಕ್ತಸ್ರಾವ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಈ ಎರಡು ವರ್ಷಗಳಲ್ಲಿ ಎಷ್ಟು ತಿಂಗಳು ಮೊದಲ ಬಗೆಯ ಮಾತ್ರೆಯಲ್ಲಿ ಕಳೆದವು ಎಂಬುದನ್ನು ಹಳೆಯ ಚೀಟಿಗಳನ್ನು ನೋಡಿ ಲೆಕ್ಕಹಾಕಿ. ಅಷ್ಟು ತಿಂಗಳನ್ನು ಪ್ರಯತ್ನದ ಲೆಕ್ಕದಿಂದ ತೆಗೆದುಹಾಕಬೇಕು.

ಪಿಸಿಓಎಸ್‌ನಲ್ಲಿ ಅಂಡಗಳಿಗೆ ಕೊರತೆಯಿರುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣುವ ನೀರುಗುಳ್ಳೆಗಳು ಗಡ್ಡೆಗಳಲ್ಲ. ಒಂದೊಂದೂ ಒಳಗೆ ಅಂಡವನ್ನಿಟ್ಟುಕೊಂಡು, ಒಂದು ಸೆಂಟಿಮೀಟರಿಗಿಂತ ಕಡಿಮೆ ಗಾತ್ರದಲ್ಲೇ ಬೆಳವಣಿಗೆ ನಿಂತುಹೋದ ಫಾಲಿಕಲ್‌ಗಳು. ಸಾಮಾನ್ಯ ತಿಂಗಳಲ್ಲಿ ಇವುಗಳಲ್ಲೊಂದು ಮುಂದೆ ಬಂದು, ಸುಮಾರು 20 ಮಿಲಿಮೀಟರ್ ಆಗಿ, ಒಡೆದು ಅಂಡವನ್ನು ಬಿಡುತ್ತದೆ. ಇನ್ಸುಲಿನ್ ಹಾಗೂ ಪುರುಷ ಹಾರ್ಮೋನುಗಳ ಮಟ್ಟ ಏರಿದಾಗ ಯಾವುದೂ ಮುಂದೆ ಬಾರದೆ ಎಲ್ಲವೂ ಅರ್ಧದಾರಿಯಲ್ಲಿ ನಿಲ್ಲುತ್ತವೆ. ಹಾಗಾಗಿ ಗುಳ್ಳೆಗಳನ್ನು ಕರಗಿಸುವುದು ಚಿಕಿತ್ಸೆಯ ಗುರಿಯಲ್ಲ, ಅವುಗಳಲ್ಲೊಂದನ್ನು ಪೂರ್ತಿ ಬೆಳೆಸುವುದೇ ಗುರಿ.

ನಿಮ್ಮಂತೆ 45 ದಿನಕ್ಕೆ ಮುಟ್ಟಾಗುವವರಲ್ಲಿ ಕೆಲವು ಸಲ ಅಂಡ ತಾನಾಗಿಯೇ ಬಿಡುಗಡೆಯಾಗುತ್ತಿರುತ್ತದೆ, ಆದರೆ ತಡವಾಗಿ. ಅಂಡ ಹೊರಬಂದ ಮೇಲೆ ಮುಟ್ಟಿಗೆ ಹೆಚ್ಚುಕಡಿಮೆ ಎರಡು ವಾರ ಹಿಡಿಯುತ್ತದೆ. ಅಂದರೆ 45 ದಿನಗಳ ಚಕ್ರದಲ್ಲಿ ಅಂಡ ಬರುವುದು 31ನೇ ದಿನದ ಸುಮಾರಿಗೆ. ಹನ್ನೆರಡರಿಂದ ಹದಿನಾರನೇ ದಿನದವರೆಗೆ ಕೂಡಿರಿ ಎಂಬ ಸಲಹೆ 28 ದಿನಗಳ ಚಕ್ರದವರಿಗೆ ಹೇಳಿದ್ದು, ಅದನ್ನು ಪಾಲಿಸಿದರೆ ನಿಮ್ಮ ಸಮಯ ತಪ್ಪಿಹೋಗುತ್ತದೆ. ಅಂಡ ಹೊರಬಂದಿದೆಯೇ ಎಂದು ನೋಡುವ 21ನೇ ದಿನದ ಪ್ರೊಜೆಸ್ಟರಾನ್ ರಕ್ತಪರೀಕ್ಷೆಗೂ ಇದೇ ಮಾತು ಅನ್ವಯಿಸುತ್ತದೆ. ಮೂತ್ರದಲ್ಲಿ ಅಂಡೋತ್ಪತ್ತಿ ನೋಡುವ ಕಿಟ್‌ಗಳು ಪಿಸಿಓಎಸ್ ಇರುವವರಲ್ಲಿ ಆಗಾಗ ಮೋಸಮಾಡುತ್ತವೆ, ಏಕೆಂದರೆ ಅವು ಅಳೆಯುವ ಎಲ್‌ಎಚ್ ಹಾರ್ಮೋನು ಇವರಲ್ಲಿ ಯಾವಾಗಲೂ ಸ್ವಲ್ಪ ಹೆಚ್ಚಾಗಿರಬಹುದು. ದಿನ ಎಣಿಸುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಕೂಡಿರುವುದು ಹೆಚ್ಚು ಭರವಸೆಯ ಮಾರ್ಗ.

ಚಿಕಿತ್ಸೆ ಆರಂಭಿಸುವ ಮೊದಲು ನಿಮ್ಮ ಯಜಮಾನರ ವೀರ್ಯ ಪರೀಕ್ಷೆ ಆಗಿರಲೇಬೇಕು. ನಮ್ಮ ಭಾಗದಲ್ಲಿ ಸೊಸೆಗೆ ವರ್ಷಗಟ್ಟಲೆ ಔಷಧಿ ಕೊಡಿಸಿದ ಮನೆಯವರು ಮಗನ ಈ ಒಂದು ಪರೀಕ್ಷೆಗೆ ಹಿಂಜರಿಯುವುದನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ. ಎರಡರಿಂದ ಏಳು ದಿನ ಕೂಡದೆ ಇದ್ದು ಮಾದರಿ ಕೊಟ್ಟರೆ ಸಾಕು. ನಿಮಗೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ ಮತ್ತು ಸಕ್ಕರೆಯ ಪರೀಕ್ಷೆಗಳು ಬೇಕು. ಮೊದಲ ಎರಡು ಏರುಪೇರಾದರೂ ಮುಟ್ಟು ಹೀಗೆಯೇ ತಪ್ಪುತ್ತದೆ.

ಒಂದು ಉದಾಹರಣೆ ಹೇಳಿದರೆ ಮುಂದಿನ ದಾರಿ ಸ್ಪಷ್ಟವಾದೀತು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮುಧೋಳ ಕಡೆಯ 28 ವರ್ಷದ ಹೆಣ್ಣುಮಗಳು, ಎತ್ತರ 155 ಸೆಂಟಿಮೀಟರ್, ತೂಕ 68 ಕಿಲೋ, ಮುಟ್ಟು 50ರಿಂದ 70 ದಿನಕ್ಕೊಮ್ಮೆ. ಪತಿಯ ವರದಿ ಸರಿಯಿತ್ತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ನೋಡಿದಾಗ ಸಕ್ಕರೆ 152 ಇತ್ತು. 140ರ ಒಳಗಿರಬೇಕಾದದ್ದು ಅಷ್ಟು ಏರಿದ್ದು, ಮಧುಮೇಹವಲ್ಲದಿದ್ದರೂ ಅದರ ಹೊಸ್ತಿಲು. ಮೂರು ತಿಂಗಳು ದಿನಾ ನಡಿಗೆ, ಸಕ್ಕರೆ ಹಾಕಿದ ಚಹಾ ಮತ್ತು ಕರಿದ ತಿಂಡಿಗೆ ಕಡಿವಾಣ, ಊಟದಲ್ಲಿ ರೊಟ್ಟಿಯ ಸಂಖ್ಯೆ ಇಳಿಸಿ ಕಾಳುಪಲ್ಯ ಹೆಚ್ಚಿಸುವುದು, ಜೊತೆಗೆ ಸಕ್ಕರೆ ಹತೋಟಿಗೆ ತರುವ ಮೆಟ್‌ಫಾರ್ಮಿನ್ ಮಾತ್ರೆ, ಇಷ್ಟನ್ನು ಹೇಳಿದೆ. ಜೋಳದ ರೊಟ್ಟಿಯನ್ನು ಬಿಡುವ ಅಗತ್ಯ ಅವರಿಗಿರಲಿಲ್ಲ, ನಿಮಗೂ ಇಲ್ಲ. ತೂಕ 64ಕ್ಕೆ ಇಳಿಯಿತು. ತೂಕ ಹೆಚ್ಚಿರುವವರು ನೂರಕ್ಕೆ ಐದರಷ್ಟು ಇಳಿಸಿದರೂ ಎಷ್ಟೋ ಮಂದಿಗೆ ಅಂಡ ತಾನಾಗಿ ಬರತೊಡಗುತ್ತದೆ. ಇವರಿಗೆ ಅಂತರ 45 ದಿನಕ್ಕೆ ಇಳಿಯಿತು, ಗರ್ಭ ನಿಲ್ಲಲಿಲ್ಲ. ನೀವು ತೆಳ್ಳಗಿದ್ದರೆ ಈ ಹಂತದಲ್ಲಿ ತಿಂಗಳುಗಳನ್ನು ಕಳೆಯಬೇಕಾಗಿಲ್ಲ.

ಆಮೇಲೆ ಗರ್ಭನಾಳಗಳು ತೆರೆದಿವೆಯೇ ಎಂದು ಎಕ್ಸ್‌ರೇ ಮೂಲಕ ನೋಡಿ, ಅಂಡ ಬೆಳೆಸುವ ಲೆಟ್ರೊಜೋಲ್ ಮಾತ್ರೆ ಆರಂಭಿಸಿದೆವು. ಮುಟ್ಟಿನ ಮೂರನೇ ದಿನದಿಂದ ಐದು ದಿನ, ದಿನಕ್ಕೆ 2.5 ಮಿಲಿಗ್ರಾಂ. ಹನ್ನೆರಡನೇ ದಿನ ಸ್ಕ್ಯಾನ್ ಮಾಡಿದಾಗ ಯಾವ ಫಾಲಿಕಲ್ಲೂ 10 ಮಿಲಿಮೀಟರ್ ದಾಟಿರಲಿಲ್ಲ, ಹದಿನಾರನೇ ದಿನವೂ ಅಷ್ಟೇ. ಔಷಧಿ ಕೆಲಸ ಮಾಡಲಿಲ್ಲವೆಂದು ಅವರು ಅತ್ತರು, ಆದರೆ ಅದು ಆ ಪ್ರಮಾಣ ಸಾಲದೆಂಬ ಸೂಚನೆ ಮಾತ್ರವಾಗಿತ್ತು. ಮುಂದಿನ ಚಕ್ರದಲ್ಲಿ 5 ಮಿಲಿಗ್ರಾಂ ಕೊಟ್ಟಾಗ ಹನ್ನೆರಡನೇ ದಿನ ಒಂದು ಫಾಲಿಕಲ್ 14 ಮಿಲಿಮೀಟರ್, ಹದಿನೈದನೇ ದಿನ 19 ಮಿಲಿಮೀಟರ್ ಆಗಿತ್ತು. ಗರ್ಭಕೋಶದ ಒಳಪದರವೂ 8 ಮಿಲಿಮೀಟರ್ ಇತ್ತು. ಅಂಡ ಬಿಡುಗಡೆಗೆಂದು ಕೊಡುವ ಚುಚ್ಚುಮದ್ದು ಎಲ್ಲರಿಗೂ ಬೇಕಾಗುವುದಿಲ್ಲ, ಅವರಿಗೆ ಕೊಡಲಿಲ್ಲ. 23ನೇ ದಿನದ ಪ್ರೊಜೆಸ್ಟರಾನ್ 11 ನ್ಯಾನೋಗ್ರಾಂ ಬಂದಿತು. ಮೂರಕ್ಕಿಂತ ಮೇಲಿದ್ದರೆ ಅಂಡ ಹೊರಬಂದಿದೆ ಎಂದರ್ಥ. ಆ ತಿಂಗಳು ಮುಟ್ಟಾದರು. ಪ್ರಮಾಣ ಬದಲಿಸದೆ ಅದನ್ನೇ ಮುಂದುವರಿಸಿದೆವು, ಅಂಡ ಬಂದ ಮೂರನೆಯ ಚಕ್ರದಲ್ಲಿ ಗರ್ಭ ನಿಂತಿತು. ಅಂಡ ಬಾರದ ತಿಂಗಳನ್ನೂ ಅಂಡ ಬಂದು ಗರ್ಭ ನಿಲ್ಲದ ತಿಂಗಳನ್ನೂ ಒಂದೇ ಎಂದು ಭಾವಿಸಬಾರದು. ಮೊದಲನೆಯದಕ್ಕೆ ಔಷಧಿಯ ಪ್ರಮಾಣ ಹೆಚ್ಚಬೇಕು, ಎರಡನೆಯದಕ್ಕೆ ಕಾಯಬೇಕು. ಹಳ್ಳಿಯಿಂದ ಎರಡು ದಿನಕ್ಕೊಮ್ಮೆ ಸ್ಕ್ಯಾನಿಂಗ್‌ಗೆ ಬರಲಾಗದವರಿಗೆ ಹನ್ನೆರಡನೇ ದಿನದ ಹೊತ್ತಿಗೆ ಒಂದು ಸ್ಕ್ಯಾನ್ ಮತ್ತು ಆಮೇಲೊಂದು ಪ್ರೊಜೆಸ್ಟರಾನ್ ಪರೀಕ್ಷೆಯಿಂದಲೂ ಇದನ್ನು ತಿಳಿಯಬಹುದು. ಇನ್ನೊಂದು ಮಾತು: ಬನಶಂಕರಿ ಜಾತ್ರೆಗೋ ಮನೆಯ ಶುಭಕಾರ್ಯಕ್ಕೋ ಮುಟ್ಟು ಮುಂದೂಡುವ ಮಾತ್ರೆಯನ್ನು ಈ ತಿಂಗಳುಗಳಲ್ಲಿ ದಯವಿಟ್ಟು ತೆಗೆದುಕೊಳ್ಳಬೇಡಿ, ಗರ್ಭ ನಿಂತಿದೆಯೋ ಇಲ್ಲವೋ ಎಂಬುದೇ ಅದರಿಂದ ಗೊಂದಲವಾಗುತ್ತದೆ.

ಲೆಟ್ರೊಜೋಲ್ ಪೊಟ್ಟಣದೊಳಗಿನ ಕಾಗದದಲ್ಲಿ ಸ್ತನ ಕ್ಯಾನ್ಸರ್ ಔಷಧಿ ಎಂದು ಓದಿ ಹೆದರಿ ನಿಲ್ಲಿಸುವವರಿದ್ದಾರೆ. ಅದು ಮೊದಲು ಬಂದದ್ದು ಆ ಕಾಯಿಲೆಗೆಂದೇ, ನಿಜ. ಭಾರತದಲ್ಲಿ 2011ರಲ್ಲಿ ಬಂಜೆತನಕ್ಕೆ ಇದರ ಬಳಕೆಯನ್ನು ನಿಷೇಧಿಸಲಾಗಿತ್ತು, 2017ರಲ್ಲಿ ಆ ನಿಷೇಧವನ್ನು ತೆಗೆಯಲಾಯಿತು. ಇಂದು ಪಿಸಿಓಎಸ್‌ನಲ್ಲಿ ಅಂಡೋತ್ಪತ್ತಿಗೆ ಜಗತ್ತಿನಾದ್ಯಂತ ಮೊದಲು ಸೂಚಿಸುವ ಔಷಧಿ ಇದೇ. ಏಳನೇ ದಿನಕ್ಕೆ ಮುಗಿಯುವ ಮಾತ್ರೆ, ಗರ್ಭ ನೆಲೆಯೂರುವ ಹೊತ್ತಿಗೆ ದೇಹದಿಂದ ಬಹುತೇಕ ಹೊರಹೋಗಿರುತ್ತದೆ. ಆದರೆ ಗರ್ಭವಿಲ್ಲವೆಂದು ಖಚಿತಪಡಿಸಿಕೊಳ್ಳದೆ ಇದನ್ನು ಶುರುಮಾಡಬಾರದು, ಅಂಗಡಿಯಿಂದ ತಂದು ತಾವಾಗಿ ನುಂಗುವ ಔಷಧಿಯಂತೂ ಅಲ್ಲ.

ಈಗ ಸಾಧ್ಯತೆಯ ಮಾತು. ಯಾವ ತೊಂದರೆಯೂ ಇಲ್ಲದ ಯುವ ದಂಪತಿಗಳಲ್ಲೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವುದು ನಾಲ್ಕೈದು ಜೋಡಿಗಳಲ್ಲಿ ಒಂದಕ್ಕೆ ಮಾತ್ರ. ಅಂಡ ಬರುವಂತಾದರೆ ನೀವು ಈ ಸಾಲಿನ ಹತ್ತಿರಕ್ಕೆ ಬರುತ್ತೀರಿ, ಅದಕ್ಕಿಂತ ಮುಂದೆ ಅಲ್ಲ. 2014ರಲ್ಲಿ ಪ್ರಕಟವಾದ, ಪಿಸಿಓಎಸ್ ಇರುವ 750 ಮಹಿಳೆಯರ ಅಮೆರಿಕದ ಅಧ್ಯಯನದಲ್ಲಿ ಐದು ಚಕ್ರಗಳವರೆಗೆ ಲೆಟ್ರೊಜೋಲ್ ಪಡೆದವರಲ್ಲಿ ನೂರಕ್ಕೆ 27.5 ಮಂದಿಗೆ ಮಗುವಾಯಿತು. ಹಳೆಯ ಔಷಧಿ ಕ್ಲೊಮಿಫೀನ್ ಪಡೆದವರಲ್ಲಿ 19.1. ಆ ಮಹಿಳೆಯರಲ್ಲಿ ಬಹುಪಾಲು ಜನ ತುಂಬಾ ತೂಕದವರು ಎಂಬುದನ್ನು ನೆನಪಿಡಿ. ನಿಮ್ಮ ವಯಸ್ಸಿನಲ್ಲಿ, ತೂಕ ಹತೋಟಿಯಲ್ಲಿದ್ದು ಪತಿಯ ವರದಿ ಹಾಗೂ ಗರ್ಭನಾಳಗಳು ಸರಿಯಿದ್ದರೆ ಇದಕ್ಕಿಂತ ಉತ್ತಮ ಫಲವನ್ನು ನಿರೀಕ್ಷಿಸಬಹುದು. ಇದು ಮೊದಲ ಮೆಟ್ಟಿಲಿನ ಅಂಕಿ ಮಾತ್ರ. ಮುಂದಿನ ಚಿಕಿತ್ಸೆಗಳನ್ನೂ ಸೇರಿಸಿದರೆ, ಪಿಸಿಓಎಸ್ ಇರುವ ಹೆಚ್ಚಿನ ಮಹಿಳೆಯರು ತಾಯಂದಿರಾಗುತ್ತಾರೆ.

ಲೆಟ್ರೊಜೋಲ್ 7.5 ಮಿಲಿಗ್ರಾಂವರೆಗೆ ಏರಿಸಿದರೂ ಅಂಡ ಬಾರದಿದ್ದರೆ ಅಥವಾ ಆರು ಚಕ್ರ ಅಂಡ ಬಂದೂ ಗರ್ಭ ನಿಲ್ಲದಿದ್ದರೆ ದಾರಿ ಬದಲಿಸಬೇಕು. ಆಗ ಹಾರ್ಮೋನು ಚುಚ್ಚುಮದ್ದು ಅಥವಾ ಲ್ಯಾಪರೋಸ್ಕೋಪಿಯಿಂದ ಅಂಡಾಶಯದ ಮೇಲೆ ಸಣ್ಣ ರಂಧ್ರಗಳನ್ನು ಮಾಡುವ ಚಿಕಿತ್ಸೆ ಉಂಟು. ಚುಚ್ಚುಮದ್ದಿನಲ್ಲಿ ಒಂದರ ಬದಲು ಹಲವು ಫಾಲಿಕಲ್ ಬೆಳೆಯುವ ಅಪಾಯವಿರುವುದರಿಂದ ಕಡಿಮೆ ಪ್ರಮಾಣದಿಂದ ಆರಂಭಿಸಿ, ಪದೇಪದೇ ಸ್ಕ್ಯಾನ್ ಮಾಡುವ ಕಡೆಯಲ್ಲೇ ಅದನ್ನು ತೆಗೆದುಕೊಳ್ಳಬೇಕು. ಹೆಚ್ಚು ಬೆಳೆದರೆ ಆ ತಿಂಗಳು ಕೈಬಿಡುವ ಧೈರ್ಯ ವೈದ್ಯರಿಗೂ ನಿಮಗೂ ಇರಬೇಕು. ಟೆಸ್ಟ್ ಟ್ಯೂಬ್ ಬೇಬಿ ಇವೆಲ್ಲದರ ನಂತರ. ಗರ್ಭನಾಳ ಮುಚ್ಚಿದ್ದರೆ ಅಥವಾ ವೀರ್ಯಾಣು ತೀರಾ ಕಡಿಮೆಯಿದ್ದರೆ ಮಾತ್ರ ಅದು ಮೊದಲೇ ಬರುತ್ತದೆ. ಮಾಡಿಸುವುದಾದರೆ ಭ್ರೂಣಗಳನ್ನು ಶೀತಲೀಕರಿಸಿಟ್ಟು ಮುಂದಿನ ಚಕ್ರದಲ್ಲಿ ಇರಿಸುವ ಬಗ್ಗೆ ಕೇಳಿ, ಏಕೆಂದರೆ ಪಿಸಿಓಎಸ್ ಇರುವವರ ಅಂಡಾಶಯ ಅತಿಯಾಗಿ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬುವ ತೊಂದರೆ ಇದರಿಂದ ತಗ್ಗುತ್ತದೆ.

ಸದ್ಯಕ್ಕೆ ಫೋಲಿಕ್ ಆಮ್ಲದ ಮಾತ್ರೆ ಶುರುಮಾಡಿ, ಸಕ್ಕರೆ ಪರೀಕ್ಷೆ ಈಗಲೇ ಮಾಡಿಸಿ. ನಾನು ಹೇಳಿದ ಮಹಿಳೆಗೆ ಗರ್ಭ ನಿಂತ ಮೇಲೆ ಸಕ್ಕರೆ ಮತ್ತೆ ಏರಿತು, ಮೊದಲೇ ಗೊತ್ತಿದ್ದುದರಿಂದ ಬೇಗ ಹಿಡಿಯಲಾಯಿತು. ಮುಂದಿನ ಸಲ ಮುಟ್ಟು ತಡವಾದಾಗ, ಮುಟ್ಟು ತರಿಸುವ ಮಾತ್ರೆ ನುಂಗುವ ಮೊದಲು ಮೂತ್ರದಲ್ಲಿ ಗರ್ಭ ಪರೀಕ್ಷೆ ಮಾಡಿಕೊಳ್ಳಿ. ವೈದ್ಯರ ಬಳಿ ಹೋಗುವಾಗ ಕಳೆದ ಆರು ಮುಟ್ಟುಗಳ ದಿನಾಂಕ, ಹಳೆಯ ಔಷಧಿ ಚೀಟಿಗಳು ಮತ್ತು ಯಜಮಾನರ ವರದಿ ಜೊತೆಗಿರಲಿ.