ಒಡೆದ ಮೊಬೈಲನ್ನು ಈಗಲೇ ಮಾರಬೇಡಿ

«ಜಿಮೇಲ್ ಪಾಸ್‌ವರ್ಡ್ ಮರೆತಿದ್ದೇನೆ. ರಿಕವರಿ ಮೇಲ್ ನಾನು ಮೊದಲು ಕಲಿಸುತ್ತಿದ್ದ ಶಾಲೆಯದು, ಶಾಲೆ ಮುಚ್ಚಿದೆ. ಪಹಣಿ, ತೊಗರಿ ಹೊಲದ ಫೋಟೊ ಎಲ್ಲ ಅದರಲ್ಲಿವೆ. ಪರದೆ ಒಡೆದ ಹಳೆಯ ಮೊಬೈಲಿನಲ್ಲಿ ಮಾತ್ರ ಮೇಲ್ ತೆರೆಯುತ್ತದೆ. ಅದನ್ನು ಮಾರಿ ಹೊಸದರಲ್ಲಿ ಪ್ರಯತ್ನಿಸಲೇ?»

ಶರಣು ಮಾಸ್ತರರೇ, ದಯವಿಟ್ಟು ಮಾರಬೇಡಿ, ರೀಸೆಟ್ ಮಾಡಬೇಡಿ, ಅದರಿಂದ ಖಾತೆಯನ್ನು ತೆಗೆಯಲೂ ಬೇಡಿ. ಸದ್ಯಕ್ಕೆ ನಿಮ್ಮ ಕೈಲಿರುವ ಬೀಗದ ಕೈ ಅದೊಂದೇ.

ನನ್ನ ಅಕ್ಕನ ಮಗನಿಗೂ ಹೀಗೇ ಆಗಿತ್ತು. ಅವನು ಕೆಲಸ ಮಾಡುತ್ತಿದ್ದ ಕಂಪನಿ ಮುಚ್ಚಿತ್ತು. ಕಲಬುರಗಿಯ ಒಂದು ಸೈಬರ್ ಸೆಂಟರಿನಲ್ಲಿ ಕುಳಿತು ಮೂರು ಸಲ ಯತ್ನಿಸಿದ. ಅಪರಿಚಿತ ಕಂಪ್ಯೂಟರ್ ಎಂದು ಗೂಗಲ್ ಮೂರೂ ಸಲ ನಿರಾಕರಿಸಿತು. ಎರಡು ದಿನ ಸುಮ್ಮನಿದ್ದು, ಮನೆಯ ವೈಫೈಯಲ್ಲಿ, ಯಾವಾಗಲೂ ಬಳಸುತ್ತಿದ್ದ ಮೊಬೈಲಿನಲ್ಲೇ ಮಾಡಿಸಿದೆ. ಸೆಟ್ಟಿಂಗ್ಸ್‌ನಲ್ಲಿ Google, ಅಲ್ಲಿ ಖಾತೆಯ Security ಪುಟ, ಅದರಲ್ಲಿ Recovery email. ಪಾಸ್‌ವರ್ಡ್ ಕೇಳಿದಾಗ Try another way ಒತ್ತಿದೆವು. ಮೊಬೈಲಿನ ಲಾಕ್ ಪ್ಯಾಟರ್ನ್ ಕೇಳಿತು. ಅವನು ಬೆರಳಿನಿಂದ ಎಳೆದ ಕೂಡಲೇ ಒಳಗೆ ಬಿಟ್ಟಿತು. ಮೊದಲು ಅಕ್ಕನ ಮೇಲ್ ಸೇರಿಸಿ, ಆಮೇಲೆ ಪಾಸ್‌ವರ್ಡ್ ಬದಲಿಸಿದೆವು. ಈ ಲಾಕ್‌ನ ದಾರಿ ಎಲ್ಲರಿಗೂ ತೋರುವುದಿಲ್ಲ. ನಿಮಗೆ ತೋರುತ್ತದೆಯೋ ಇಲ್ಲವೋ ಮಾಡಿಯೇ ನೋಡಬೇಕು. ಹಳೆಯ ಪಾಸ್‌ವರ್ಡ್ ಕೇಳಿದರೆ ನೆನಪಿರುವಷ್ಟನ್ನು ಬರೆಯಿರಿ, ಖಾಲಿ ಬಿಡಬೇಡಿ.

ಪರದೆ ಸ್ಪರ್ಶಕ್ಕೆ ಓಗೊಡದಿದ್ದರೆ ಸೂಪರ್ ಮಾರ್ಕೆಟ್ಟಿನ ಮೊಬೈಲ್ ಅಂಗಡಿಗಳಲ್ಲಿ ಓಟಿಜಿ ಪಿನ್ ಕೇಳಿ. ಅದಕ್ಕೆ ಕಂಪ್ಯೂಟರಿನ ಮೌಸ್ ಸಿಕ್ಕಿಸಿದರೆ, ಚಿತ್ರ ಕಾಣುತ್ತಿರುವವರೆಗೂ ಹೆಚ್ಚಿನ ಮೊಬೈಲುಗಳಲ್ಲಿ ಬಾಣದ ಗುರುತಿನಿಂದಲೇ ಕೆಲಸ ನಡೆಯುತ್ತದೆ.

ಇಲ್ಲೇ ಉತ್ತರ ಬರೆದ ಹುಮನಾಬಾದಿನ ಕಾಕಾ, ಶಾಲೆ ನಡೆಸುತ್ತಿದ್ದ ಸಂಸ್ಥೆಯವರನ್ನು ಹಿಡಿದು ಆ ಮೇಲ್ ವಿಳಾಸವನ್ನು ಮತ್ತೆ ಮಾಡಿಸಿ ಎಂದಿದ್ದಾರೆ. ಅರ್ಧ ಸರಿ. ಶಾಲೆಯ ವೆಬ್ ಹೆಸರಿಗೆ ಅವರು ಇನ್ನೂ ಹಣ ಕಟ್ಟುತ್ತಿದ್ದರೆ ಮಾತ್ರ ಅದು ಸಾಧ್ಯ. ಬೇರೆ ಜಿಮೇಲ್‌ನಿಂದ ಆ ವಿಳಾಸಕ್ಕೆ ಒಂದು ಮೇಲ್ ಕಳಿಸಿ. ಮರಳಿ ಬಂದ ಪತ್ರದಲ್ಲಿ domain ಸಿಗಲಿಲ್ಲ ಎಂದಿದ್ದರೆ ಆ ಹೆಸರು ಈಗ ಕೆಲಸ ಮಾಡುತ್ತಿಲ್ಲ. ಹೆಸರಿನ ಅವಧಿ ಮುಗಿದರೆ ಯಾರು ಬೇಕಾದರೂ ಅದನ್ನು ಕೊಂಡು, ನಿಮ್ಮ ಕೋಡ್‌ಗಳನ್ನು ತಮ್ಮಲ್ಲಿಗೆ ತರಿಸಿಕೊಳ್ಳಬಹುದು. ಮರಳದಿದ್ದರೂ ನಂಬಬೇಡಿ, ಬೇರೆಯವರು ಕೊಂಡಿರಬಹುದು. ಹಾಗಾಗಿ ಖಾತೆ ಕೈಗೆ ಬಂದ ಕೂಡಲೇ ಹಳೆಯ ವಿಳಾಸವನ್ನು ತೆಗೆಯಿರಿ. ತೆಗೆದ ಮೇಲೂ 7 ದಿನ ಗೂಗಲ್ ಹಳೆಯ ವಿಳಾಸಕ್ಕೆ ಕೋಡ್ ಕಳಿಸಲೇ ಎಂದು ಕೇಳಬಹುದು, ಗಾಬರಿಯಾಗಬೇಡಿ.

ಇಲ್ಲೇ ಕೇಳಿದ ಶಹಾಪುರದ ಅಕ್ಕನವರೇ, ನಿಮ್ಮದು ಕೋಡ್ ಬರುವ ಸಿಮ್ ಬಂದಾದ ತೊಂದರೆ. ನಂಬರ್ ಬೇರೆಯವರಿಗೆ ಹೋಗುವ ಮೊದಲು ಕಂಪನಿಯ ಅಂಗಡಿಯಲ್ಲಿ ಅದೇ ನಂಬರಿನ ಸಿಮ್ ಕೇಳಿ.

ಗೂಗಲ್ ಕಸ್ಟಮರ್ ಕೇರ್ ಎಂದು ಯಾರಾದರೂ ಫೋನ್ ಮಾಡಿ ಹಣ ಕೇಳಿದರೆ ಕೊಡಬೇಡಿ. ಖಾತೆ ಬಿಡಿಸಲು ಗೂಗಲ್ ಹಣ ತೆಗೆದುಕೊಳ್ಳುವುದಿಲ್ಲ. ಕೊಟ್ಟಾಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಮಾಸ್ತರರೇ, ಮೊದಲು ಆ ಮೊಬೈಲನ್ನು ಚಾರ್ಜಿಗೆ ಹಾಕಿ. ಲಾಕ್ ತೆರೆದಾಗ ಏನು ಕೇಳುತ್ತದೆ ಎಂದು ಇಲ್ಲಿ ಬರೆಯಿರಿ.