ಉಚಿತ ಆ್ಯಪ್‌ಗೆ ದುಡ್ಡು ಕೇಳುವಾಗ ಮೊದಲ ಸಾಲು ಏನಿರಬೇಕು?

ಪ್ರಶ್ನೆ: ನಮ್ಮದು ಸಿಂಧನೂರು. ಎರಡು ವರ್ಷ ಉಚಿತ ಕೊಟ್ಟ ಆ್ಯಪ್‌ಗೆ ಇನ್ನು ಹಣ ತಗೋಬೇಕಾಗಿದೆ. ಜನ ನಂಬಿಕೆ ಕಳಕೊಳ್ಳದ ಹಾಗೆ ಸಂದೇಶ ಹೇಗೆ ಬರೆಯಲಿ?

ರಾಯಚೂರು ಗಂಜ್‌ನ ಅಡತ್ ಅಂಗಡಿಗಳು ರೈತರ ಮುಂಗಡ, ಉದ್ರಿ, ಹತ್ತಿ ತೂಕ ಬರೆದಿಡುವ ಆ್ಯಪ್ ನನ್ನದು. ತಿಂಗಳಿಗೆ 99 ರೂಪಾಯಿ ಮಾಡುವಾಗ ನಾನು ಮೊದಲು ಕಳಿಸಿದ್ದು ಹೀಗಿತ್ತು: "ಇನ್ನೂ ಉತ್ತಮ ಸೇವೆಗಾಗಿ ಮುಂದಿನ ತಿಂಗಳಿಂದ ಹೊಸ ಯೋಜನೆಗಳು ಬರಲಿವೆ." ಅದೇ ಸಂಜೆ ಲೆಕ್ಕವನ್ನೆಲ್ಲ ಪಿಡಿಎಫ್ ಮಾಡಿ ಇಳಿಸಿಕೊಳ್ಳುವವರು ಒಮ್ಮೆಲೇ ಹೆಚ್ಚಾದರು. ಜನ ಹೆದರಿದ್ದಾರೆ ಅನ್ನುವುದಕ್ಕೆ ಅದಕ್ಕಿಂತ ಬೇರೆ ಗುರುತು ಬೇಡ. ಹಿರಿಯರೊಬ್ಬರು ಫೋನ್ ಮಾಡಿ, "ತಮ್ಮಾ, ರೊಕ್ಕ ಕೊಡ್ಲಿಲ್ಲಂದ್ರ ನನ್ನ ಉದ್ರಿ ಲೆಕ್ಕ ಕಾಣಂಗಿಲ್ಲೇನು?" ಅಂದರು. ಎಷ್ಟು ರೊಕ್ಕ ಅಂತ ಅವರು ಕೇಳಲೇ ಇಲ್ಲ.

ಮರುದಿನ ಕ್ಷಮೆ ಕೇಳಿ, ತಾರೀಖು ಎರಡು ತಿಂಗಳು ಮುಂದಕ್ಕೆ ಹಾಕಿ ಇದನ್ನು ಕಳಿಸಿದೆ:

"ಜೂನ್ 1ರಿಂದ ಹೊಸ ಲೆಕ್ಕ ಬರೆಯಲು ತಿಂಗಳಿಗೆ 99 ರೂಪಾಯಿ, ಜಿಎಸ್‌ಟಿ ಸೇರಿ. ಇಲ್ಲಿತನಕ ಬರೆದ ಲೆಕ್ಕ ದುಡ್ಡು ಕೊಡದಿದ್ದರೂ ಕಾಣುತ್ತದೆ, ಇಳಿಸಿಕೊಳ್ಳಲೂ ಬರುತ್ತದೆ. ನೀವಾಗಿ ಒಪ್ಪದ ಹೊರತು ಒಂದು ರೂಪಾಯಿಯೂ ಕಟ್ ಆಗುವುದಿಲ್ಲ. ಸರ್ವರ್, ಎಸ್‌ಎಂಎಸ್ ಖರ್ಚು ನನ್ನ ಕೈಯಿಂದ ಹಾಕುತ್ತಿದ್ದೆ, ಅಂಗಡಿಗಳು ಹೆಚ್ಚಾದ ಮೇಲೆ ನೀಗುತ್ತಿಲ್ಲ. ಏನಿದ್ದರೂ ಈ ನಂಬರಿಗೆ ಮಾಡಿ, ನಾನೇ ಎತ್ತುತ್ತೇನೆ."

ಕೆಳಗೆ ನನ್ನ ಹೆಸರು, ನಂಬರು. ಆಮೇಲೆ ಬಂದ ಫೋನುಗಳಲ್ಲಿ "ವರ್ಷದ್ದು ಒಮ್ಮೆಲೇ ಕಟ್ಟಿದ್ರ ಎಷ್ಟು ಕಮ್ಮಿ ಮಾಡ್ತಿ?" ಅನ್ನುವ ಪ್ರಶ್ನೆಯೇ ಹೆಚ್ಚು. ಜನ ಬೆಲೆಯ ಚೌಕಾಸಿಗೆ ಬಂದರೆ ಲೆಕ್ಕದ ಭಯ ಹೋಗಿದೆ ಅಂತಲೇ ಅರ್ಥ.

ಆದರೆ ಸಂದೇಶದಲ್ಲಿ ಬರೆದದ್ದು ಆ್ಯಪ್‌ನಲ್ಲಿ ಮೊದಲೇ ಆಗಿರಬೇಕು. ಅವಧಿ ಮುಗಿದ ಒಂದು ಖಾತೆ ನೀವೇ ಮಾಡಿಕೊಂಡು, ಹಳೆಯ ಲೆಕ್ಕ ತೆರೆದು ನೋಡಿ. ಅದರ ಮೇಲೆ "ಹಣ ಪಾವತಿಸಿ" ಅಂತ ಪರದೆ ಬಂದರೆ ನಿಮ್ಮ ಮಾತು ಸುಳ್ಳಾಯಿತು. ಪ್ಲೇ ಸ್ಟೋರ್‌ನಲ್ಲಿ ಒಮ್ಮೆ ಉಚಿತ ಅಂತ ಬಿಟ್ಟ ಆ್ಯಪ್ ಅನ್ನು ಆಮೇಲೆ ಹಣ ಕೊಟ್ಟು ಇಳಿಸಿಕೊಳ್ಳುವ ಆ್ಯಪ್ ಮಾಡಲು ಬರುವುದಿಲ್ಲ, ಒಳಗೆ ಚಂದಾ ಸೇರಿಸಬೇಕು. ಆ ಚಂದಾವನ್ನು ಬಳಸುವವರೇ ಒಪ್ಪಿ ತಗೋಬೇಕಾದ್ದರಿಂದ ಅವರು ಒಪ್ಪದೆ ಹಣ ಕಟ್ ಆಗದು ಅಂತ ಧೈರ್ಯವಾಗಿ ಬರೆಯಬಹುದು. ಯುಪಿಐ ಆಟೊಪೇ ಹಾಕಿದವರಿಗೆ ಹಣ ಹೋಗುವ 24 ಗಂಟೆ ಮೊದಲು ಸೂಚನೆ ಬರುತ್ತದೆ. ಅದು ನಮ್ಮದೇ ಅಂತ ಮುಂಚೆಯೇ ತಿಳಿಸಿ, ಇಲ್ಲದಿದ್ದರೆ ಮೋಸದ ಮೆಸೇಜು ಅಂದುಕೊಳ್ಳುತ್ತಾರೆ.

ನಿಮ್ಮ ಬಳಕೆದಾರರ ಸುಗ್ಗಿ ಬಿಟ್ಟು ತಾರೀಖು ಇಡಿ. ನಮ್ಮಲ್ಲಿ ಅಕ್ಟೋಬರ್‌ನಿಂದ ಜನವರಿವರೆಗೆ ಹತ್ತಿ ಗಾಡಿಗಳ ನಡುವೆ ಯಾರಿಗೂ ಮೆಸೇಜು ಓದಲು ಪುರುಸೊತ್ತಿರುವುದಿಲ್ಲ.

ಇನ್ನೊಂದು, ಹಳೆಯ ಪಾಂಪ್ಲೆಟ್ ಹುಡುಕಿ ಓದಿ. ನನ್ನದರಲ್ಲಿ "ಯಾವಾಗಲೂ ಉಚಿತ" ಅಂತ ಅಚ್ಚಾಗಿತ್ತು. ಅದನ್ನು ನೋಡಿ ಸೇರಿದ ಮೊದಲ ವರ್ಷದ ಅಂಗಡಿಗಳಿಗೆ ಇವತ್ತಿಗೂ ನಾನು ದುಡ್ಡು ಕೇಳಿಲ್ಲ.